"ಈ ಪೆನ್ ನನಗೆ ಮಾರಿ": ಸೇಲ್ಸ್ ಇಂಟರ್‌ವ್ಯೂನ ಪೆನ್ ಪರೀಕ್ಷೆ ಮತ್ತು ಟಾರ್ಗೆಟ್ ಪ್ರಶ್ನೆಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದೆಲ್ಲ ಬಿಸ್ಕತ್ತು, ಸೋಪು, ಪೆನ್ನು, ಟೀ ಪುಡಿಯಂಥ ಸಾಮಾನನ್ನು ಡಿಸ್ಟ್ರಿಬ್ಯೂಟರ್ ಮೂಲಕ ಅಂಗಡಿ ಅಂಗಡಿಗೆ ತಲುಪಿಸುವ ಕಂಪನಿಗಳ ಸೇಲ್ಸ್ ಕೆಲಸದ ಬಗ್ಗೆ. ಸೇಲ್ಸ್ ಆಫೀಸರ್, ಟೆರಿಟರಿ ಸೇಲ್ಸ್ ಎಕ್ಸಿಕ್ಯೂಟಿವ್ ಎಂದೆಲ್ಲ ಹೆಸರಿರುತ್ತದೆ. ಕೆಲಸ ಮಾತ್ರ ಒಂದೇ: ಬೆಳಿಗ್ಗೆ ಬೈಕು ಹತ್ತಿ ಬೀಟಿಗೆ, ಅಂದರೆ ಆ ದಿನದ ಅಂಗಡಿಗಳ ಸುತ್ತಿಗೆ ಹೋಗುವುದು, ಸಂಜೆ ಬಿಲ್ಲುಗಳ ಲೆಕ್ಕ ಕೊಡುವುದು. ನಾನು ಇಂಟರ್‌ವ್ಯೂ ಮೇಜಿನ ಎರಡೂ ಕಡೆ ಕೂತವನು. ಇನ್ಶೂರೆನ್ಸ್ ಅಥವಾ ಸಾಫ್ಟ್‌ವೇರ್ ಮಾರುವ ಕೆಲಸಕ್ಕೆ ಹೋಗುವವರಿಗೆ ಇದರಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬಂದೀತು. ಕೆಳಗಿನ ಉದಾಹರಣೆಗಳಲ್ಲಿ ಬರುವ ದರ, ಸ್ಕೀಮು, ಟಾರ್ಗೆಟ್ಟುಗಳು ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು.

ಪೆನ್ ಕೈಗೆ ಕೊಟ್ಟು "ಮಾರು" ಅನ್ನುವುದು ಏನನ್ನು ನೋಡಲಿಕ್ಕೆ?

ಮಾತುಗಾರಿಕೆ ನೋಡಲಿಕ್ಕೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಮೊದಲ ಇಂಟರ್‌ವ್ಯೂನಲ್ಲಿ ಪೆನ್ ಕೈಗೆ ಬಂದದ್ದೇ ತಡ, ಗ್ರಿಪ್ ಚೆನ್ನಾಗಿದೆ, ಇಂಕು ಲೀಕ್ ಆಗಲ್ಲ, ಬರೆದರೆ ಬೆಣ್ಣೆ ಸವರಿದ ಹಾಗೆ ಹೋಗುತ್ತೆ ಅಂತ ಐದು ನಿಮಿಷ ಉಸಿರು ಬಿಡದೆ ಹೇಳಿದೆ. ಎದುರಿಗಿದ್ದವರು ತಲೆ ಅಲ್ಲಾಡಿಸುತ್ತಾ ಕೇಳಿಸಿಕೊಂಡು, ಕೊನೆಗೆ "ಎಷ್ಟಪ್ಪಾ ಇದು?" ಅಂದರು. ನಾನು ಬೆಲೆಯನ್ನೇ ಹೇಳಿರಲಿಲ್ಲ. ತಡವರಿಸಿ "ಹತ್ತು ರೂಪಾಯಿ ಸರ್" ಅಂದೆ. "ಸರಿ, ಮುಂದೆ?" ಅಂದರು. ಮುಂದೇನು ಅಂತ ನನಗೆ ಗೊತ್ತಿರಲಿಲ್ಲ. ಕೆಲಸ ಸಿಗಲಿಲ್ಲ.

ಈಗ ನಾನು ಆ ಜಾಗದಲ್ಲಿ ಕೂತಾಗ ನೋಡುವುದು ಮೂರೇ. ಬಾಯಿ ತೆರೆದ ಕೂಡಲೇ ಹೊಗಳಲು ಶುರು ಮಾಡುತ್ತಾನೋ, ಮೊದಲು ಏನಾದರೂ ಕೇಳುತ್ತಾನೋ. ಬೆಲೆ ಹೇಳುವಾಗ ದನಿ ಸಣ್ಣದಾಗುತ್ತದೋ. ಕೊನೆಯಲ್ಲಿ "ಎಷ್ಟು ಹಾಕಲಿ?" ಅಂತ ಆರ್ಡರ್ ಕೇಳುತ್ತಾನೋ, ಅಥವಾ "ಥ್ಯಾಂಕ್ಯೂ ಸರ್" ಅಂದು ಪೆನ್ನು ಮೇಜಿನ ಮೇಲಿಡುತ್ತಾನೋ. ಮೂರನೆಯದರಲ್ಲೇ ಹೆಚ್ಚು ಜನ ಬೀಳುತ್ತಾರೆ. ಎಲ್ಲ ಚೆನ್ನಾಗಿ ಹೇಳಿ ಆರ್ಡರ್ ಮಾತ್ರ ಕೇಳದೆ ಬರುವ ಹುಡುಗರು ಫೀಲ್ಡಿನಲ್ಲೂ ಹಾಗೇ ಬರುತ್ತಾರೆ.

ಮೊದಲ ಮಾತು ಏನಿರಬೇಕು?

ನನ್ನ ಪ್ರಕಾರ ಇದು: "ಸರ್, ನಿಮ್ಮನ್ನ ಪೆನ್ ಬಳಸೋರು ಅಂದ್ಕೊಳ್ಳಲಾ, ಅಂಗಡಿಯವರು ಅಂದ್ಕೊಳ್ಳಲಾ?"

ಇದೊಂದು ಮಾತಿಗೆ ಎದುರಿಗಿರುವವರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬರುತ್ತಾರೆ. ಕಾರಣ ಇಷ್ಟೇ: ನೀವು ಸೇರಲು ಹೊರಟಿರುವ ಕೆಲಸದಲ್ಲಿ ಪೆನ್ನಿನಿಂದ ಬರೆಯುವವನಿಗೆ ನೀವು ಯಾವತ್ತೂ ಪೆನ್ ಮಾರುವುದಿಲ್ಲ. ನೀವು ಮಾರುವುದು ಅಂಗಡಿಯವನಿಗೆ. ಅವನಿಗೆ ಗ್ರಿಪ್ಪು, ಇಂಕು, ಬಣ್ಣ ಯಾವುದೂ ಬೇಡ. ಎಷ್ಟು ಉಳಿಯುತ್ತೆ, ಎಷ್ಟು ದಿನದಲ್ಲಿ ಹೋಗುತ್ತೆ, ದುಡ್ಡು ಈಗಲೇ ಕೊಡಬೇಕಾ ಅನ್ನುವ ಮೂರು ಪ್ರಶ್ನೆ ಅವನ ತಲೆಯಲ್ಲಿ ಓಡುತ್ತಿರುತ್ತವೆ. ಈ ವ್ಯತ್ಯಾಸ ಗೊತ್ತಿರುವವನು ಒಂದು ದಿನವಾದರೂ ಬೀಟಿಗೆ ಹೋಗಿರುತ್ತಾನೆ, ಇಲ್ಲವೇ ಅಂಗಡಿಯಲ್ಲಿ ಕೂತಿರುತ್ತಾನೆ.

"ನೀನೇ ಅಂದುಕೋ" ಅಂದರೆ ಅಂಗಡಿಯವರನ್ನೇ ಆರಿಸಿಕೊಳ್ಳಿ.

ಅಂಗಡಿಯವರಿಗೆ ಮಾರುವುದನ್ನು ಪೂರ್ತಿ ತೋರಿಸುತ್ತೀರಾ?

ದಾವಣಗೆರೆಯಲ್ಲಿ ಒಮ್ಮೆ ಹರಿಹರದ ಹುಡುಗನೊಬ್ಬ ಬಂದಿದ್ದ. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಅವನು ಮಾಡಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ, ಲೆಕ್ಕ ಸುಲಭವಾಗಲಿ ಅಂತ ದರಗಳನ್ನು ಸ್ವಲ್ಪ ಸರಿಮಾಡಿದ್ದೇನೆ. ಪೆನ್ನಿನ ಎಂಆರ್‌ಪಿ 10 ರೂಪಾಯಿ, ಅಂಗಡಿಗೆ 8 ರೂಪಾಯಿ, 20 ಪೆನ್ನಿನ ಬಾಕ್ಸು, ಬಾಕ್ಸಿಗೆ ಒಂದು ಪೆನ್ ಫ್ರೀ ಅಂತ ನಾನು ಮೊದಲೇ ಹೇಳಿದ್ದೆ. ನಾನು ಹೈಸ್ಕೂಲ್ ಎದುರಿನ ಅಂಗಡಿಯವನಾದೆ.

"ನಮಸ್ಕಾರ ಅಣ್ಣಾ. ಸ್ಕೂಲ್ ಎದುರಿಗೇ ಇದೀರಲ್ಲ, ದಿನಕ್ಕೆ ಎಷ್ಟು ಪೆನ್ ಹೋಗ್ತವೆ?"

"ಹೋಗ್ತವೆ, ಹತ್ತು ಹನ್ನೆರಡು."

"ಐದು ರೂಪಾಯಿದಾ, ಹತ್ತು ರೂಪಾಯಿದಾ?"

"ಐದರದ್ದೇ. ಹತ್ತರದ್ದು ನಾನು ಇಡಲ್ಲ."

"ಕೇಳ್ಕೊಂಡು ಬಂದ್ರೆ?"

"ಇಲ್ಲ ಅಂತೀನಿ."

"ದಿನಕ್ಕೆ ಎಷ್ಟು ಜನಕ್ಕೆ ಹಾಗೆ ಇಲ್ಲ ಅಂತೀರಿ?"

ಇಲ್ಲಿ ನಾನು ಸುಮ್ಮನೆ "ಇಬ್ಬರು ಮೂವರು" ಅಂದುಬಿಟ್ಟೆ. ಅವನು ಕಾಯುತ್ತಿದ್ದದ್ದೇ ಅದಕ್ಕೆ. "ಹಾಗಾದ್ರೆ ದಿನಕ್ಕೆ ಎರಡೇ ಹೋಗ್ತವೆ ಅಂತಿಟ್ಕೊಳ್ಳಿ, ಒಂದು ಬಾಕ್ಸ್ ಹತ್ತು ದಿನಕ್ಕೆ ಖಾಲಿ. 160 ರೂಪಾಯಿ ಹಾಕ್ತೀರಿ, ಸ್ಕೀಮಿಂದು ಸೇರಿ 21 ಪೆನ್ ಬರ್ತವೆ, ಮಾರಿದ್ರೆ 210. ನಿಮಗೆ 50 ಉಳೀತು. ಐದರ ಪೆನ್ನಲ್ಲಿ ಒಂದು ರೂಪಾಯಿ ಉಳಿಯುತ್ತೆ ಅಂದ್ರೆ ಅದೇ 50 ರೂಪಾಯಿಗೆ 50 ಪೆನ್ ಮಾರಬೇಕು."

ಪೆನ್ನಿನ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ ಅನ್ನುವುದನ್ನು ಗಮನಿಸಿ. ನಾನು ಬಿಡಲಿಲ್ಲ.

"ಉದ್ರಿ ಕೊಡ್ತೀಯೇನು?"

"ಮೊದಲ ಬಿಲ್ಲು, 160 ರೂಪಾಯಿ. ಕ್ಯಾಶೇ ಇರಲಿ ಅಣ್ಣಾ. ಮುಂದೆ ದೊಡ್ಡ ಬಿಲ್ ಆದಾಗ ಡಿಸ್ಟ್ರಿಬ್ಯೂಟರ್ ಹತ್ರ ಮಾತಾಡಿ ಹೇಳ್ತೀನಿ."

"ಹೋಗದಿದ್ರೆ ವಾಪಸ್ ತಗೊಂಡು ಹೋಗ್ತೀಯಾ?"

ಇದು ನನ್ನ ಬಲೆ. ಹೆಚ್ಚಿನವರು "ಖಂಡಿತ ಸರ್, ತಗೊಳ್ತೀವಿ" ಅಂದುಬಿಡುತ್ತಾರೆ. ಫೀಲ್ಡಿನಲ್ಲಿ ಹಾಗೆ ಮಾತು ಕೊಟ್ಟ ಸೇಲ್ಸ್‌ಮನ್ ಹೆಸರಿನಲ್ಲಿ ಆರು ತಿಂಗಳಿಗೆ ಒಂದು ಮೂಟೆ ರಿಟರ್ನ್ ಬಂದು ಗೋಡೌನಿನಲ್ಲಿ ಕೂತಿರುತ್ತದೆ. ಈ ಹುಡುಗ ಹೇಳಿದ್ದು: "ವಾಪಸ್ ತಗೋತೀನಿ ಅಂತ ನಾನೇ ಹೇಳೋಕಾಗಲ್ಲ ಅಣ್ಣಾ, ಕಂಪನಿ ಕೇಳ್ಬೇಕು. ಆದ್ರೆ ಪ್ರತಿ ಮಂಗಳವಾರ ಈ ಲೈನಿಗೆ ಬರ್ತೀನಿ. ಬಾಕ್ಸ್ ಅರ್ಧ ಖಾಲಿ ಆಗಿಲ್ಲ ಅಂದ್ರೆ ಅವತ್ತು ಹೊಸ ಬಿಲ್ ಹಾಕೋದೇ ಇಲ್ಲ." ಆಮೇಲೆ ಒಂದು ಉಸಿರು ಬಿಟ್ಟು, "ಒಂದು ಬಾಕ್ಸ್ ಹಾಕಲಾ, ಎರಡು ಹಾಕಲಾ?"

"ಒಂದು ಹಾಕು" ಅಂದೆ. ಒಟ್ಟು ಎರಡು ನಿಮಿಷ ಆಗಿರಬಹುದು. ಉಳಿದ ಪ್ರಶ್ನೆಗಳೆಲ್ಲ ಬರೀ ಶಾಸ್ತ್ರಕ್ಕೆ.

"ಎಷ್ಟು ಪರ್ಸೆಂಟ್ ಮಾರ್ಜಿನ್?" ಅಂತ ತಿರುಗಿ ಕೇಳಿದರೆ?

ಕೇಳೇ ಕೇಳುತ್ತಾರೆ. 8ಕ್ಕೆ ಕೊಂಡು 10ಕ್ಕೆ ಮಾರಿದರೆ ಉಳಿಯುವುದು 2 ರೂಪಾಯಿ. ಮಾರುವ ಬೆಲೆಯ ಮೇಲೆ ಲೆಕ್ಕ ಹಾಕಿದರೆ ಅದು 20 ಪರ್ಸೆಂಟ್, ಕೊಂಡ ಬೆಲೆಯ ಮೇಲೆ ಹಾಕಿದರೆ 25 ಪರ್ಸೆಂಟ್. ಎರಡೂ ಸರಿ, ಆದರೆ ಯಾವುದರ ಮೇಲೆ ಅಂತ ಹೇಳದಿದ್ದರೆ ಎರಡೂ ತಪ್ಪು. ಅಂಗಡಿಯವರು ಸಾಮಾನ್ಯವಾಗಿ ತಾವು ಹಾಕಿದ ದುಡ್ಡಿನ ಮೇಲೆ ನೋಡುತ್ತಾರೆ. "ನೂರಕ್ಕೆ ಎಷ್ಟು ಉಳಿಯುತ್ತೆ" ಅಂತ ಅವರು ಕೇಳುವುದೇ ಅದನ್ನು. ಮೇಲಿನ ಸ್ಕೀಮಿನಲ್ಲಿ 160ಕ್ಕೆ 50 ಅಂದರೆ ನೂರಕ್ಕೆ 31 ಚಿಲ್ಲರೆ. ಆಫೀಸಿನವರು ಕೇಳುವಾಗ ಎಂಆರ್‌ಪಿ ಮೇಲೆ ಕೇಳುತ್ತಿರಬಹುದು, ಆಗ 210ಕ್ಕೆ 50, ಹತ್ತಿರ ಹತ್ತಿರ 24. "ಹಾಕಿದ ದುಡ್ಡಿನ ಮೇಲೆ ಇಷ್ಟು ಸರ್, ಎಂಆರ್‌ಪಿ ಮೇಲೆ ಇಷ್ಟು" ಅಂತ ಎರಡನ್ನೂ ಹೇಳಿಬಿಡಿ. ಕ್ಯಾಲ್ಕುಲೇಟರ್ ಬೇಕಾದರೆ ಕೇಳಿ ತೆಗೆಯಿರಿ, ಯಾರೂ ಏನೂ ಅನ್ನುವುದಿಲ್ಲ. ತಲೆಯಲ್ಲೇ ಮಾಡುತ್ತೇನೆಂದು ಹೋಗಿ ತಪ್ಪು ಹೇಳುವುದಕ್ಕಿಂತ ಅದು ಎಷ್ಟೋ ವಾಸಿ.

"ಇಲ್ಲಪ್ಪ, ನಾನು ಬಳಸುವವನು, ನನಗೇ ಮಾರು" ಅಂದರೆ?

ಆಗ ಅವರು ಬರೆಯುವ ಕೆಲಸ ಏನು ಅಂತ ಕೇಳಿ. ಎದುರಿಗಿರುವವರ ಮೇಜನ್ನು ಕಣ್ಣಿಂದ ನೋಡಿ. ಸಹಿ ಮಾಡುವವರಾ, ದಿನವಿಡೀ ಡೈರಿ ಬರೆಯುವವರಾ? ಈಗ ಇರುವ ಪೆನ್ನಿನಲ್ಲಿ ಯಾವುದು ಕಿರಿಕಿರಿ? ಸಹಿ ಮಾಡುವಾಗ ಇಂಕು ಹರಡುತ್ತೆ ಅಂದರೆ ಬಾಲ್ ಪೆನ್ನಿನ ಮಾತು ಬರುತ್ತದೆ, ಒತ್ತಿ ಬರೆಯಬೇಕು ಅಂದರೆ ಜೆಲ್ ಪೆನ್ನಿನ ಮಾತು. ಕೈಯಲ್ಲಿರುವ ಪೆನ್ನಿಗೆ ಇಲ್ಲದ ಗುಣ ಹೇಳಬೇಡಿ. ಹೇಳುವ ಮೊದಲು ಒಂದು ಗೆರೆ ಎಳೆದು ನೋಡಿ. ನಾನು ಕೆಲವೊಮ್ಮೆ ಬೇಕೆಂದೇ ರೀಫಿಲ್ ಖಾಲಿಯಾದ ಪೆನ್ ಕೊಡುತ್ತೇನೆ. ಬರೆದು ನೋಡದೆ "ತುಂಬಾ ಸ್ಮೂತ್ ಸರ್" ಅಂದವರು ಬಹಳ ಜನ ಇದ್ದಾರೆ. "ಸರ್, ಇದು ಬರೀತಿಲ್ಲ, ಬೇರೆ ಪೀಸ್ ಕೊಡಿ, ಇದನ್ನ ಕಸ್ಟಮರ್‌ಗೆ ತೋರಿಸೋಕಾಗಲ್ಲ" ಅಂದವರು ಇಬ್ಬರು. ಇಬ್ಬರನ್ನೂ ತೆಗೆದುಕೊಂಡೆ.

ಸಿನಿಮಾದಲ್ಲಿ ಬರುವ ಟ್ರಿಕ್ ಮಾಡಬಹುದಾ? ಪೆನ್ ಕಿತ್ತುಕೊಂಡು "ಇಲ್ಲೊಂದು ಸಹಿ ಹಾಕಿ ಸರ್" ಅನ್ನುವುದು?

ಬೇಡ. ಎಲ್ಲರೂ ನೋಡಿದ್ದಾರೆ, ಇಂಟರ್‌ವ್ಯೂ ಮಾಡುವವರೂ ನೋಡಿದ್ದಾರೆ. ಅದೂ ಅಲ್ಲದೆ ಅವರ ಜೇಬಿನಲ್ಲಿ ಇನ್ನೊಂದು ಪೆನ್ ಇದ್ದೇ ಇರುತ್ತದೆ.

"ಬೇಡ, ಬೇಡ" ಅಂತ ಹಠ ಹಿಡಿದರೆ ಎಷ್ಟು ಸಲ ಒತ್ತಾಯ ಮಾಡಬೇಕು?

ಬೇಡ ಅನ್ನುವುದರಲ್ಲಿ ಎರಡು ಬಗೆ ಇದೆ. ಕಾರಣ ಇರುವ ಬೇಡ: "ಸ್ಟಾಕ್ ಇದೆ", "ಬೇರೆ ಕಂಪನಿಯವರು ಇದಕ್ಕಿಂತ ಜಾಸ್ತಿ ಸ್ಕೀಮ್ ಕೊಡ್ತಾರೆ", "ಹಿಂದಿನ ಸೇಲ್ಸ್‌ಮನ್ ನನ್ನ ಕ್ಲೇಮ್ ದುಡ್ಡು ಕೊಟ್ಟಿಲ್ಲ". ಕಾರಣವಿಲ್ಲದ ಬೇಡ: ಮುಖ ಎತ್ತದೆ ಕೈ ಅಲ್ಲಾಡಿಸುವುದು. ಎರಡನೆಯದನ್ನು ಒಂದು ಪ್ರಶ್ನೆಯಿಂದ ಮೊದಲನೆಯದಾಗಿ ಮಾಡುವುದೇ ಕೆಲಸ. "ಆಯ್ತು ಅಣ್ಣಾ, ಬೇಡ. ಆದ್ರೆ ಯಾಕೆ ಬೇಡ ಅಂತ ಹೇಳಿ, ಮುಂದಿನ ವಾರ ಅದನ್ನ ಸರಿಮಾಡ್ಕೊಂಡು ಬರ್ತೀನಿ" ಅಂದರೆ ಸಾಕು.

ಕಾರಣ ಸಿಕ್ಕ ಮೇಲೆ ಅದಕ್ಕೆ ಒಂದು ಉತ್ತರ ಕೊಡಿ, ಆರ್ಡರನ್ನು ಸಣ್ಣದು ಮಾಡಿ ಇನ್ನೊಮ್ಮೆ ಕೇಳಿ. ಒಂದು ಬಾಕ್ಸ್ ಬೇಡವೆಂದರೆ ಅರ್ಧ ಬಾಕ್ಸ್ ಕೇಳಿ. ಆಗಲೂ ಬೇಡ ಅಂದರೆ ಮುಂದಿನ ಭೇಟಿಯ ದಿನ ಹೇಳಿ ಎದ್ದುಬಿಡಿ. ಕ್ಲೇಮಿನ, ಅಂದರೆ ಅಂಗಡಿಯವರಿಗೆ ಕಂಪನಿಯಿಂದ ಬರಬೇಕಾದ ಬಾಕಿ ದುಡ್ಡಿನ ಮಾತು ಬಂದಿದ್ದರೆ ಆರ್ಡರನ್ನೇ ಬಿಟ್ಟು ಮೊದಲು ಆ ದುಡ್ಡು ಎಷ್ಟು, ಯಾವ ತಿಂಗಳದ್ದು ಅಂತ ಬರೆದುಕೊಳ್ಳಿ. ಇಂಟರ್‌ವ್ಯೂನಲ್ಲಿ ಈ ಕ್ಲೇಮಿನ ಮಾತನ್ನು ಬೇಕೆಂದೇ ತರುವವರಿದ್ದಾರೆ. "ಅದು ಹಳೆ ಸೇಲ್ಸ್‌ಮನ್ ಮಾಡಿದ್ದು, ನನಗೆ ಸಂಬಂಧ ಇಲ್ಲ" ಅಂದರೆ ಅಲ್ಲಿಗೆ ಮುಗಿಯಿತು.

ಇಂಗ್ಲಿಷ್ ಅಷ್ಟಕ್ಕಷ್ಟೆ. ಕನ್ನಡದಲ್ಲೇ ಮಾರಬಹುದಾ?

"ಸರ್, ಅಂಗಡಿಯಲ್ಲಿ ಕನ್ನಡದಲ್ಲೇ ಮಾತಾಡೋದು, ಇಲ್ಲೂ ಹಾಗೇ ಮಾಡ್ಲಾ?" ಅಂತ ಕೇಳಿ. ಜಿಲ್ಲಾ ಮಟ್ಟದ ಕೆಲಸಕ್ಕೆ ಬೇಡ ಅನ್ನುವವರು ಕಮ್ಮಿ. ಎದುರಿಗಿರುವವರಿಗೆ ಕನ್ನಡ ಬಾರದಿದ್ದರೆ ಮುರುಕು ಹಿಂದಿಯೋ ಇಂಗ್ಲಿಷೋ, ಚಿಕ್ಕ ಚಿಕ್ಕ ವಾಕ್ಯದಲ್ಲಿ ಹೇಳಿ. ಬಾಯಿಪಾಠ ಮಾಡಿದ ಉದ್ದದ ಇಂಗ್ಲಿಷ್ ಮಾತ್ರ ಬೇಡ. ಮಧ್ಯದಲ್ಲಿ ಒಂದು ಪ್ರಶ್ನೆ ಬಂದರೆ ಅದರ ದಾರ ಹರಿಯುತ್ತದೆ, ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

"ಹಿಂದಿನ ಕಂಪನಿಯಲ್ಲಿ ಟಾರ್ಗೆಟ್ ಎಷ್ಟಿತ್ತು, ಎಷ್ಟು ಮಾಡಿದ್ರಿ?" ಇದಕ್ಕೆ ಹೇಗೆ ಉತ್ತರಿಸಬೇಕು?

"105 ಪರ್ಸೆಂಟ್ ಸರ್" ಅನ್ನುವುದು ಉತ್ತರವಲ್ಲ, ಅಲ್ಲಿಂದ ಪ್ರಶ್ನೆ ಶುರುವಾಗುತ್ತದೆ. ಯಾವುದರ 105? ಪ್ರೈಮರಿಯಾ, ಸೆಕೆಂಡರಿಯಾ?

ಹೊಸಬರಿಗಾಗಿ: ಕಂಪನಿ ಡಿಸ್ಟ್ರಿಬ್ಯೂಟರ್‌ಗೆ ಮಾಡುವ ಬಿಲ್ಲು ಪ್ರೈಮರಿ. ಡಿಸ್ಟ್ರಿಬ್ಯೂಟರ್‌ನಿಂದ ಅಂಗಡಿಗೆ ಹೋಗುವುದು ಸೆಕೆಂಡರಿ. ತಿಂಗಳ ಕೊನೆಯ ದಿನ ಡಿಸ್ಟ್ರಿಬ್ಯೂಟರ್ ಗೋಡೌನಿಗೆ ಎರಡು ಲಕ್ಷದ ಮಾಲು ತುಂಬಿಸಿದರೆ ಪ್ರೈಮರಿ 105 ಆಗುತ್ತದೆ, ಅಂಗಡಿಗೆ ಮಾತ್ರ ಒಂದು ಪೆನ್ನೂ ಹೋಗಿರುವುದಿಲ್ಲ. ನನ್ನ ಮೊದಲ ವರ್ಷದಲ್ಲಿ ನಾನು ಇದನ್ನೇ ಮಾಡಿದೆ. ಮಂತ್ ಎಂಡ್ ದಿನ ರಾತ್ರಿ ಒಂಬತ್ತಕ್ಕೆ ಡಿಸ್ಟ್ರಿಬ್ಯೂಟರ್ ಕೈಕಾಲು ಹಿಡಿದು ಲೋಡ್ ಹಾಕಿಸಿದೆ. ಮುಂದಿನ ತಿಂಗಳು ಇಪ್ಪತ್ತನೇ ತಾರೀಖಿನವರೆಗೆ ಅವರು ಒಂದು ರೂಪಾಯಿ ಆರ್ಡರ್ ಕೊಡಲಿಲ್ಲ, ಫೋನನ್ನೂ ಎತ್ತಲಿಲ್ಲ. ಮುಂದೆ ಇಂಟರ್‌ವ್ಯೂ ಒಂದರಲ್ಲಿ ಆ ಅಂಕಿಯನ್ನೇ ಹೆಮ್ಮೆಯಿಂದ ಹೇಳಿದೆ. "ಅವತ್ತು ಡಿಸ್ಟ್ರಿಬ್ಯೂಟರ್ ಗೋಡೌನಿನಲ್ಲಿ ಕ್ಲೋಸಿಂಗ್ ಸ್ಟಾಕ್ ಎಷ್ಟು ದಿನದ್ದಿತ್ತು?" ಅಂದರು. ಬಾಯಿ ಕಟ್ಟಿತು.

ಹಾಗಾಗಿ ಅಂಕಿಯನ್ನು ಅದರ ಸುತ್ತಲಿನದರ ಜೊತೆ ಹೇಳಿ. "ಸೆಕೆಂಡರಿ ಟಾರ್ಗೆಟ್ ತಿಂಗಳಿಗೆ 9 ಲಕ್ಷ ಇತ್ತು ಸರ್. ಆರು ಬೀಟು, 240 ಅಂಗಡಿ. ಕಳೆದ ವರ್ಷ 12 ತಿಂಗಳಲ್ಲಿ ಎಂಟು ತಿಂಗಳು ಮುಟ್ಟಿದ್ದೀನಿ, ನಾಲ್ಕು ತಿಂಗಳು ಇಲ್ಲ. ಅದರಲ್ಲಿ ಎರಡು ಮಳೆಗಾಲದ್ದು." ಈ ಉತ್ತರದಲ್ಲಿ 105 ಇಲ್ಲ, ಆದರೆ ನಂಬಿಕೆ ಬರುತ್ತದೆ, ಯಾಕೆಂದರೆ ಸುಳ್ಳು ಹೇಳುವವನಿಗೆ ಮುಟ್ಟದ ತಿಂಗಳು ನೆನಪಿರುವುದಿಲ್ಲ.

ಪುರಾವೆ ಕೇಳಿದರೆ ನಿಮ್ಮ ಇನ್ಸೆಂಟಿವ್ ಬಂದ ಸಂಬಳದ ಸ್ಲಿಪ್ ಸಾಕು. ಹಿಂದಿನ ಕಂಪನಿಯ ಡಿಸ್ಟ್ರಿಬ್ಯೂಟರ್ ಪಟ್ಟಿ, ಅಂಗಡಿವಾರು ಶೀಟು ಮೊಬೈಲಿನಲ್ಲಿ ತೆರೆದು ತೋರಿಸಬೇಡಿ. ನಾಳೆ ನಮ್ಮದನ್ನೂ ಹೀಗೇ ತೋರಿಸುತ್ತಾನೆ ಅಂತ ಎದುರಿನವರಿಗೆ ಹೊಳೆಯುತ್ತದೆ.

ಟಾರ್ಗೆಟ್ ಮುಟ್ಟೇ ಇಲ್ಲ. ನಿಜ ಹೇಳಲಾ?

ಹೇಳಿ. ಕಾರಣದ ಜೊತೆ ನೀವು ಮಾಡಿದ್ದನ್ನೂ ಹೇಳಿ. "ಡಿಸ್ಟ್ರಿಬ್ಯೂಟರ್ ಬದಲಾದರು, ಎರಡು ತಿಂಗಳು ಮಾಲೇ ಇರಲಿಲ್ಲ" ಅನ್ನುವುದು ಬರೀ ಕಾರಣ. "ಆ ಎರಡು ತಿಂಗಳು ಅಂಗಡಿಗಳನ್ನ ಬಿಡಲಿಲ್ಲ, ಖಾಲಿ ಕೈಯಲ್ಲೇ ಬೀಟಿಗೆ ಹೋಗಿ ಹಳೆ ಕ್ಲೇಮುಗಳ ಪಟ್ಟಿ ಮಾಡ್ಕೊಂಡೆ, ಹೊಸ ಡಿಸ್ಟ್ರಿಬ್ಯೂಟರ್ ಬಂದ ಮೊದಲ ವಾರವೇ ಅವನ್ನ ತೀರಿಸಿದ್ವಿ" ಅಂದರೆ ಅದು ಕೆಲಸ. ಹಳೆಯ ಬಾಸನ್ನು ಬಯ್ಯುವುದರಿಂದ ಮಾತ್ರ ಏನೂ ಸಿಗುವುದಿಲ್ಲ, ಅವರು ನಿಜವಾಗಿ ಬೈಸಿಕೊಳ್ಳುವಂಥವರೇ ಆಗಿದ್ದರೂ.

"ಹದಿನೈದನೇ ತಾರೀಖಿಗೆ 35 ಪರ್ಸೆಂಟ್ ಆಗಿದೆ. ಏನು ಮಾಡ್ತೀರಿ?"

ನನಗೆ ಅತ್ಯಂತ ಇಷ್ಟದ ಪ್ರಶ್ನೆ ಇದು. "ಇನ್ನೂ ಕಷ್ಟಪಟ್ಟು ಕೆಲಸ ಮಾಡ್ತೀನಿ ಸರ್" ಅಂದವರಿಗೆ ನಾನು ನೀರು ಕೊಟ್ಟು ಕಳಿಸುತ್ತೇನೆ. ಕಾಗದ ಕೇಳಿದವರ ಜೊತೆ ಕೂತು ಲೆಕ್ಕ ಮಾಡುತ್ತೇನೆ. ಲೆಕ್ಕ ಹೀಗಿರುತ್ತದೆ.

ಸೆಕೆಂಡರಿ ಟಾರ್ಗೆಟ್ 12 ಲಕ್ಷ, ತಿಂಗಳಲ್ಲಿ 25 ಕೆಲಸದ ದಿನ ಅಂತಿಟ್ಟುಕೊಳ್ಳಿ. 13 ದಿನ ಕಳೆದಿವೆ, 4.2 ಲಕ್ಷ ಆಗಿದೆ. ಉಳಿದದ್ದು 7.8 ಲಕ್ಷ, ದಿನ 12. ಅಂದರೆ ದಿನಕ್ಕೆ 65,000 ಬೇಕು. ಈವರೆಗೆ ದಿನಕ್ಕೆ 32,000 ಚಿಲ್ಲರೆ ಬರುತ್ತಿದೆ. ಎರಡು ಪಟ್ಟು. ಇಷ್ಟು ಹೇಳಿ ನಿಲ್ಲುವವರು ಬಹಳ. ನಿಜವಾದ ಕೆಲಸ ಇಲ್ಲಿಂದ ಮುಂದೆ.

ಆ 32,000 ಎಲ್ಲಿಂದ ಬಂತು ಅಂತ ಬಿಚ್ಚಿ. ದಿನಕ್ಕೆ 40 ಅಂಗಡಿ ಹತ್ತುತ್ತಿದ್ದೀರಿ, ಅದರಲ್ಲಿ 24ರಲ್ಲಿ ಬಿಲ್ ಆಗುತ್ತಿದೆ, ಒಂದು ಬಿಲ್ಲು ಸರಾಸರಿ 1,350 ರೂಪಾಯಿ. ಗುಣಿಸಿದರೆ 32,400. ಈಗ ಯಾವುದನ್ನು ಎಷ್ಟು ಎಳೆಯಬಹುದು ನೋಡಿ. 40 ಅಂಗಡಿಯನ್ನು 60 ಮಾಡುತ್ತೇನೆ ಅಂದರೆ ನಾನು ನಂಬುವುದಿಲ್ಲ, ಅಂಗಡಿಗೆ ಹತ್ತು ನಿಮಿಷ ಹಿಡಿದರೂ 60ಕ್ಕೆ ಹತ್ತು ಗಂಟೆ, ಊಟ, ಪ್ರಯಾಣ ಬಿಟ್ಟು. ಆದರೆ ಬಿಲ್ ಆಗದ 16 ಅಂಗಡಿಯಲ್ಲಿ ಆರನ್ನು ತಿರುಗಿಸಬಹುದು. ಬೀಟಿಗೆ ಹೋಗುವ ಮೊದಲೇ ಯಾರು ಹಿಂದಿನ ತಿಂಗಳು ಕೊಂಡು ಈ ತಿಂಗಳು ಕೊಂಡಿಲ್ಲ ಅಂತ ಪಟ್ಟಿ ತೆಗೆದರೆ ಆ ಆರು ಸಿಗುತ್ತವೆ. ಹಾಗೆ ದಿನಕ್ಕೆ 30 ಬಿಲ್ಲು. ಬಿಲ್ಲಿನ ಮೊತ್ತ 1,350ರಿಂದ 1,600ಕ್ಕೆ ಹೋಗಲು ಪ್ರತಿ ಬಿಲ್ಲಿಗೆ 250 ರೂಪಾಯಿ ಹೆಚ್ಚು ಬೇಕು, ಅಂಗಡಿಯವರು ಈಗ ಇಡದ ಒಂದು ಐಟಂ ಸೇರಿಸಿದರೆ ಆಯಿತು. ದಿನಕ್ಕೆ 48,000. 12 ದಿನಕ್ಕೆ 5.76 ಲಕ್ಷ.

ಇನ್ನು ಹೋಲ್‌ಸೇಲ್. ಇಬ್ಬರು ಹೋಲ್‌ಸೇಲರ್ ತಲಾ 60,000 ಎತ್ತಿದರೆ 1.2 ಲಕ್ಷ. ಇಲ್ಲಿ ಜಾಗ್ರತೆ: ಹೋಲ್‌ಸೇಲರ್‌ಗೆ ರೇಟು ಬಿಟ್ಟುಕೊಟ್ಟರೆ ಅದೇ ಮಾಲು ನಿಮ್ಮದೇ ಬೀಟಿನ ಅಂಗಡಿಗೆ ನಿಮಗಿಂತ ಕಮ್ಮಿ ಬೆಲೆಗೆ ಹೋಗಿ ಕೂರುತ್ತದೆ, ಮುಂದಿನ ತಿಂಗಳು ನೀವು ಬಿಲ್ ಪುಸ್ತಕ ಹಿಡಿದು ಹೋದಾಗ ನಗುತ್ತಾರೆ.

ಒಟ್ಟು ಮಾಡಿ. 4.2, 5.76, 1.2 ಸೇರಿ 11.16 ಲಕ್ಷ. 93 ಪರ್ಸೆಂಟ್. 100 ಆಗಲಿಲ್ಲ!

ಕೆಲವರು ಇಲ್ಲಿ ಗಾಬರಿಯಾಗಿ ಅಂಕಿಗಳನ್ನು ಹಿಗ್ಗಿಸಿ 100ಕ್ಕೆ ತರುತ್ತಾರೆ. ಬೇಡ. "ಸರ್, ಈಗ ಕಾಣೋ ಪ್ರಕಾರ 93ರವರೆಗೆ ಹೋಗ್ತೀನಿ. ಉಳಿದ 84,000ಕ್ಕೆ ನಿಮ್ಮಿಂದ ಏನಾದ್ರೂ ಬೇಕು. ಒಂದು ಸ್ಕೀಮ್ ಕೊಡಿ, ಇಲ್ಲಾ ಒಂದು ದಿನ ನನ್ನ ಜೊತೆ ಹೋಲ್‌ಸೇಲ್ ಮಾರ್ಕೆಟ್ಟಿಗೆ ಬನ್ನಿ. ಇದನ್ನ ಇವತ್ತೇ ಹೇಳ್ತಿದ್ದೀನಿ, ಮೂವತ್ತನೇ ತಾರೀಖು ಅಲ್ಲ." ಹದಿನೈದನೇ ತಾರೀಖಿಗೆ ಗೊತ್ತಾದ ಕೊರತೆಯನ್ನು ಮ್ಯಾನೇಜರ್ ಸರಿಮಾಡಬಲ್ಲ. ಮೂವತ್ತಕ್ಕೆ ಗೊತ್ತಾದದ್ದನ್ನು ಅವನು ಗೋಡೌನಿಗೆ ತುಂಬಿಸಲು ಮಾತ್ರ ಸಾಧ್ಯ.

ನಾನು ಫ್ರೆಶರ್. ಟಾರ್ಗೆಟ್ ಪ್ರಶ್ನೆಗೆ ನನ್ನ ಹತ್ತಿರ ಅಂಕಿಯೇ ಇಲ್ಲ.

ಇಂಟರ್‌ವ್ಯೂಗೆ ಎರಡು ದಿನ ಮೊದಲು ನಿಮ್ಮ ಬೀದಿಯ ಐದು ಅಂಗಡಿಗೆ ಹೋಗಿ. ಆ ಕಂಪನಿಯ ಯಾವ ಸಾಮಾನು ಇಟ್ಟಿದ್ದಾರೆ, ಯಾವುದು ಇಟ್ಟಿಲ್ಲ, ಸೇಲ್ಸ್‌ಮನ್ ಯಾವ ವಾರ ಬರುತ್ತಾನೆ, ಎದುರಾಳಿ ಕಂಪನಿಯದು ಕಣ್ಣಿಗೆ ಕಾಣುವ ಕಡೆ ಇದೆಯೋ ಹಿಂದೆ ಇದೆಯೋ ಅಂತ ಕೇಳಿ, ಚೀಟಿಯಲ್ಲಿ ಬರೆದುಕೊಳ್ಳಿ. ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ, ಗಿರಾಕಿ ಕಮ್ಮಿ ಇರುತ್ತಾರೆ, ಮಾತಾಡುತ್ತಾರೆ. "ಐದರಲ್ಲಿ ಮೂರು ಅಂಗಡಿಯಲ್ಲಿ ನಿಮ್ಮ ಚಿಕ್ಕ ಪ್ಯಾಕೆಟ್ ಇರಲಿಲ್ಲ ಸರ್, ಇಬ್ಬರು ಮೂರು ವಾರದಿಂದ ಸೇಲ್ಸ್‌ಮನ್ ಬಂದಿಲ್ಲ ಅಂದ್ರು" ಅಂತ ಹೇಳಿದ ಫ್ರೆಶರ್‌ನ ಮುಂದೆ ಎರಡು ವರ್ಷ ಅನುಭವದವನು ಮಂಕಾಗುತ್ತಾನೆ. ಕಾಲೇಜು ಫೆಸ್ಟಿಗೆ ಟಿಕೆಟ್ ಮಾರಿದ್ದು, ಗಣಪತಿ ಹಬ್ಬಕ್ಕೆ ಚಂದಾ ಎತ್ತಿದ್ದು ಇದ್ದರೆ ಅದನ್ನೂ ಅಂಕಿಯಲ್ಲೇ ಹೇಳಿ: ಎಷ್ಟು ಮನೆ ಹತ್ತಿದಿರಿ, ಎಷ್ಟು ಮನೆ ಕೊಟ್ಟವು, ಒಟ್ಟು ಎಷ್ಟಾಯಿತು. ಚಂದಾ ಎತ್ತುವುದಕ್ಕಿಂತ ಕಷ್ಟದ ಸೇಲ್ಸ್ ನಾನು ಕಂಡಿಲ್ಲ.

"ಈ ಟಾರ್ಗೆಟ್ ಒಪ್ಪಿಕೊಳ್ತೀರಾ?" ಅಂದಾಗ ತಿರುಗಿ ಏನಾದರೂ ಕೇಳಬಹುದಾ?

ಕೇಳಲೇಬೇಕು. ಹೋದ ವರ್ಷ ಇದೇ ತಿಂಗಳು ಈ ಏರಿಯಾದಲ್ಲಿ ಎಷ್ಟಾಗಿತ್ತು? ಈಗ ಎಷ್ಟು ಅಂಗಡಿ ನಡೆಯುತ್ತಿವೆ? ಏರಿಯಾ ಎಷ್ಟು ತಿಂಗಳಿಂದ ಖಾಲಿ ಇದೆ? ಡಿಸ್ಟ್ರಿಬ್ಯೂಟರ್ ಕ್ಲೇಮ್ ಬಾಕಿ ಇದೆಯಾ? ಹೋದ ವರ್ಷ 8 ಲಕ್ಷ ಆದ ಜಾಗಕ್ಕೆ 12 ಲಕ್ಷ ಇಟ್ಟಿದ್ದರೆ, ಆ 4 ಲಕ್ಷ ಎಲ್ಲಿಂದ ಬರುತ್ತೆ ಅಂತ ಅವರು ಅಂದುಕೊಂಡಿದ್ದಾರೋ ಕೇಳಿ. ಹೊಸ ಐಟಂ ಬರುತ್ತಿದೆ, ಹೊಸ ಬೀಟ್ ಸೇರುತ್ತಿದೆ ಅಂದರೆ ಸರಿ. "ಅದು ನಿಮ್ಮ ಕೆಲಸ" ಅಂದರೆ ಅದೂ ಒಂದು ಉತ್ತರವೇ, ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಇನ್ಸೆಂಟಿವ್ ಎಲ್ಲಿಂದ ಶುರುವಾಗುತ್ತದೆ ಅನ್ನುವುದನ್ನು ಮಾತ್ರ ಮರೆಯಬೇಡಿ. ಸಂಬಳ 18,000, ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್ 6,000 ಅಂದರು ಅನ್ನಿ. ಕೇಳುವುದಕ್ಕೆ 24,000. ಆದರೆ 80 ಪರ್ಸೆಂಟ್‌ಗಿಂತ ಕೆಳಗೆ ಏನೂ ಇಲ್ಲ, 80ರಿಂದ 100ರ ಒಳಗೆ ಅರ್ಧ ಅಂತಿದ್ದರೆ, ಮೇಲೆ ಅಷ್ಟು ಒದ್ದಾಡಿ 93 ಮಾಡಿದ ತಿಂಗಳು ಕೈಗೆ ಬರುವುದು 21,000. ಪೆಟ್ರೋಲ್ ಭತ್ಯೆ ಬೇರೆ ಕೊಡುತ್ತಾರೋ ಅದರಲ್ಲೇ ಸೇರಿದೆಯೋ ಅದನ್ನೂ ಕೇಳಿ, ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಬೇಕಾಗುತ್ತೆ ಅಂತಲೂ. ಇವೆಲ್ಲವನ್ನು ಮೊದಲ ಸುತ್ತಿನಲ್ಲೇ ಸುರಿಯಬೇಡಿ. ಟಾರ್ಗೆಟ್ಟಿನ ಮಾತು ಅವರಾಗಿ ತಂದಾಗ ಕೇಳಿದರೆ ಸಹಜವಾಗಿರುತ್ತದೆ.

ಮತ್ತೊಂದು. ಕೆಲಸ ಕೊಡುವ ಮೊದಲು ಡೆಪಾಸಿಟ್, ಟ್ರೈನಿಂಗ್ ಫೀ, ಸ್ಯಾಂಪಲ್ ಕಿಟ್ಟಿನ ದುಡ್ಡು ಅಂತ ಕೇಳಿದರೆ ಎದ್ದು ಬನ್ನಿ. ಆ ಜಾಗದಲ್ಲಿ ಗಿರಾಕಿ ನೀವೇ.

ಕೊನೆಯಲ್ಲಿ ಪೆನ್ ಏನು ಮಾಡಬೇಕು?

ನಗಬೇಡಿ, ಇದನ್ನು ಕೇಳುವವರಿದ್ದಾರೆ. "ಬಿಲ್ ಆಯ್ತು ಸರ್" ಅಂದು ಅವರ ಮುಂದಿಡಿ. ಹೆದರಿಕೆಯಲ್ಲಿ ನಿಮ್ಮ ಜೇಬಿಗೆ ಹಾಕಿಕೊಂಡು ಹೋಗುವುದು ಆಗಾಗ ಆಗುತ್ತದೆ. ನನ್ನ ಆಫೀಸಿನಿಂದ ಹೀಗೆ ಹೋದ ಪೆನ್ನು ಏನಿಲ್ಲವೆಂದರೂ ಒಂದು ಬಾಕ್ಸ್ ಆಗಿರಬಹುದು, ಸ್ಕೀಮಿಂದು ಬಿಟ್ಟು.